ಗುಜರಿ ಚೋಕ್‌ನಲ್ಲಿ 200 ಕಿಲೋಮೀಟರ್ ಲೈನ್: ನಾಮಿನಲ್ ಪೈ ಮಾದರಿ ಕಟ್ಟಿ ರೆಗ್ಯುಲೇಶನ್ ಅಳೆದದ್ದು

ಲ್ಯಾಬಿಗೆ ಟ್ರಾನ್ಸ್‌ಮಿಷನ್ ಲೈನ್ ಟ್ರೈನರ್ ಬೇಕೆಂದು ಕೊಟೇಶನ್ ತರಿಸಿದರೆ ಲಕ್ಷದ ಮೇಲೆಯೇ ಬರುತ್ತದೆ. ಅದನ್ನು ಹಾಸನದ ಗುಜರಿ ಅಂಗಡಿಯ ಟ್ಯೂಬ್‌ಲೈಟ್ ಚೋಕ್‌ಗಳಲ್ಲಿ ಕಟ್ಟಬಹುದು ಎಂದಾಗ ನಗದವರು ಕಡಿಮೆ. "ಸಾರ್, ಗುಜರಿ ಚೋಕಲ್ಲಿ 220 ಕೆವಿ ಲೈನಾ?" ಎಂದವರೂ ಇದ್ದರು. ಈಗ ಅದು ಮೇಜಿನ ಮೇಲೆ ಕೂತಿದೆ, ಲೆಕ್ಕಕ್ಕೂ ಅಳತೆಗೂ ಶೇಕಡಾ ಒಂದರೊಳಗೆ ತಾಳೆಯಾಗುತ್ತಿದೆ. ಆಂಪ್ಲಿಫೈಯರ್ ಬಿಟ್ಟರೆ ಖರ್ಚು ಸಾವಿರ ಚಿಲ್ಲರೆ.

ನಾಮಿನಲ್ ಪೈ ಮಾದರಿಯಲ್ಲಿ ಇಡೀ ಲೈನಿನ ರೆಸಿಸ್ಟೆನ್ಸ್, ಇಂಡಕ್ಟೆನ್ಸ್ ನಡುವೆ ಒಟ್ಟಿಗೆ, ಕೆಪಾಸಿಟೆನ್ಸ್ ಎರಡು ತುದಿಗೆ ಅರ್ಧರ್ಧ. ಎಲ್ಲಕ್ಕೂ ಮೊದಲು ಸ್ಕೇಲ್ ಆರಿಸಬೇಕು. 220 ಕಿಲೋವೋಲ್ಟ್ ಲೈನಿನ ಫೇಸ್ ವೋಲ್ಟೇಜ್ 127 ಕಿಲೋವೋಲ್ಟ್. ವೋಲ್ಟೇಜನ್ನೂ ಕರೆಂಟನ್ನೂ ಎರಡನ್ನೂ ಸಾವಿರದಿಂದ ಭಾಗಿಸಿದರೆ ಓಮ್‌ಗಳು ಇದ್ದಂತೆಯೇ ಉಳಿಯುತ್ತವೆ. ಮೇಜಿನ ಮೇಲೆ 127 ವೋಲ್ಟ್, 300 ಆಂಪಿಯರ್ ಬದಲು 0.3 ಆಂಪಿಯರ್. ಕಿಲೋಮೀಟರಿಗೆ 0.08 ಓಮ್ ರೆಸಿಸ್ಟೆನ್ಸ್, 0.4 ಓಮ್ ರಿಯಾಕ್ಟೆನ್ಸ್, 2.85 ಮೈಕ್ರೋಸೀಮೆನ್ಸ್ ಸಸೆಪ್ಟೆನ್ಸ್ ಎಂದು ಹಿಡಿದರೆ 200 ಕಿಲೋಮೀಟರಿಗೆ 16 ಓಮ್, 80 ಓಮ್, 570 ಮೈಕ್ರೋಸೀಮೆನ್ಸ್. 100 ಕಿಲೋಮೀಟರಿಗೆ ಕಟ್ಟಬೇಡಿ. ಫೆರಾಂಟಿ ಏರಿಕೆ, ಅಂದರೆ ಲೋಡ್ ಇಲ್ಲದಾಗ ರಿಸೀವಿಂಗ್ ತುದಿಯ ವೋಲ್ಟೇಜ್ ಸೆಂಡಿಂಗ್ ತುದಿಯದ್ದಕ್ಕಿಂತ ಹೆಚ್ಚಾಗುವುದು, ಲೈನಿನ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅಲ್ಲಿ ಅದು ಅರ್ಧ ಪರ್ಸೆಂಟ್ ಚಿಲ್ಲರೆಯಷ್ಟೇ. ಮೀಟರಿನ ತಪ್ಪಿನಲ್ಲೇ ಮುಳುಗಿಹೋಗುತ್ತದೆ.

80 ಓಮ್ ಅಂದರೆ ಸುಮಾರು ಕಾಲು ಹೆನ್ರಿ. ಹೊಸದಾಗಿ ಸುತ್ತಿಸಿದರೆ ತಂತಿಯ ದುಡ್ಡೇ ಹೊರೆ, ಮೇಲಾಗಿ ರೆಸಿಸ್ಟೆನ್ಸ್ 16 ಓಮ್ ದಾಟದಂತೆ ನೋಡಿಕೊಳ್ಳಬೇಕು. ಹಳೆಯ 40 ವಾಟ್ ಟ್ಯೂಬಿನ ತೂಕದ ಕಾಪರ್ ಚೋಕ್ ಇಲ್ಲಿ ಕೈಹಿಡಿಯುತ್ತದೆ. ಎಲೆಕ್ಟ್ರಾನಿಕ್ ಚೋಕ್ ಬೇಡ. ಒಂದು ಕಾಪರ್ ಚೋಕ್ ಹೆಚ್ಚೂಕಡಿಮೆ 390 ಓಮ್, ಹಾಗಾಗಿ ಐದನ್ನು ಸಮಾಂತರವಾಗಿ ಹಾಕಿದರೆ 78. ಎಲ್‌ಇಡಿ ಬಂದ ಮೇಲೆ ಇವಕ್ಕೆ ಗಿರಾಕಿಯೇ ಇಲ್ಲ, ಒಂದಕ್ಕೆ ನಲವತ್ತು ಐವತ್ತು ರೂಪಾಯಿ. ಒಂದೇ ಕಂಪನಿಯವನ್ನೇ ಹತ್ತು ತಂದು, ಅಳೆದು, ಹತ್ತಿರ ಹತ್ತಿರ ಇರುವ ಐದನ್ನು ಆರಿಸಿ. ಕೋರಿನಲ್ಲಿ ಏರ್ ಗ್ಯಾಪ್ ಇರುವುದರಿಂದ ಕರೆಂಟ್ ಬದಲಾದರೂ ಇಂಡಕ್ಟೆನ್ಸ್ ಹೆಚ್ಚು ಅಲ್ಲಾಡುವುದಿಲ್ಲ. ತೀರಾ ಕಡಿಮೆ ಕರೆಂಟಿನಲ್ಲಿ ಮೂರು ನಾಲ್ಕು ಓಮ್ ಇಳಿಯಬಹುದು, ಅಷ್ಟೆ. 78ನ್ನು 80ಕ್ಕೆ ಹೇಗೆ ತಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಚೋಕ್ ಒಂದನ್ನು ಬಿಚ್ಚಿ ನೋಡಿದವರಿಗೆ ಹೊಳೆಯುತ್ತದೆ.

ಚೋಕ್ ಅಳೆಯುವಾಗ ಕೈಯಲ್ಲಿ ಹಿಡಿಯುವ ಎಲ್‌ಸಿಆರ್ ಮೀಟರ್ ನಂಬಬೇಡಿ. ಅದು ಮಿಲಿವೋಲ್ಟ್ ಲೆಕ್ಕದ ಸಿಗ್ನಲ್ಲಿನಲ್ಲಿ, ಸಾಮಾನ್ಯವಾಗಿ 1 ಕಿಲೋಹರ್ಟ್ಜ್‌ನಲ್ಲಿ ಅಳೆಯುತ್ತದೆ. ಕಬ್ಬಿಣದ ಕೋರ್ ಅಲ್ಲಿ ಬೇರೆಯೇ ಥರ ವರ್ತಿಸುತ್ತದೆ. 50 ಹರ್ಟ್ಜ್‌ನಲ್ಲಿ, ಕೆಲಸದ ಕರೆಂಟಿನಲ್ಲೇ ಅಳೆಯಬೇಕು. ವಾಟ್‌ಮೀಟರೂ ಆಗದು, ಏಕೆಂದರೆ 0.3 ಆಂಪಿಯರಿಗೆ 16 ಓಮ್‌ನಲ್ಲಿ ಒಂದೂವರೆ ವಾಟ್ ಕೂಡ ಇಲ್ಲ. ಮೂರು ವೋಲ್ಟ್‌ಮೀಟರ್ ವಿಧಾನವೇ ಸರಿ. ಸರಣಿಯಲ್ಲಿ 50 ಓಮ್ ರೆಸಿಸ್ಟರ್ ಹಾಕಿ 0.3 ಆಂಪಿಯರ್ ಹರಿಸಿದರೆ ರೆಸಿಸ್ಟರ್ ಮೇಲೆ 15 ವೋಲ್ಟ್, ಲೈನ್ ಮೇಲೆ 24.5, ಎರಡೂ ಸೇರಿ 31.1 ಬರಬೇಕು. ಒಟ್ಟು ಇದಕ್ಕಿಂತ ಕಡಿಮೆ ಬಂದರೆ ರೆಸಿಸ್ಟೆನ್ಸ್ ಸಾಲದು. ಐದು ಚೋಕ್ ಸೇರಿದಾಗ ಒಂಬತ್ತು ಹತ್ತು ಓಮ್ ಇರುತ್ತದೆ, ಅದಕ್ಕೆ 6.8 ಓಮ್‌ನ ಸಿಮೆಂಟ್ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಸೇರಿಸಿದರೆ ಸರಿಹೋಗುತ್ತದೆ.

ಕೆಪಾಸಿಟರ್ ಸುಲಭ. ಒಟ್ಟು 1.81 ಮೈಕ್ರೋಫ್ಯಾರಡ್, ಪ್ರತಿ ತುದಿಗೆ ಅರ್ಧ, ಅಂದರೆ 0.907. ಎಕ್ಸ್2 ಮಾದರಿಯ 275 ವೋಲ್ಟ್ ಎಸಿ ಕೆಪಾಸಿಟರ್‌ನಲ್ಲಿ 0.68 ಮತ್ತು 0.22 ಸೇರಿಸಿದರೆ 0.90. ಹಳೆಯ ಬೋರ್ಡಿನಿಂದ ಕಿತ್ತವು ಬೇಡ. ಎಕ್ಸ್2 ಕೆಪಾಸಿಟರ್ ವರ್ಷಗಟ್ಟಲೆ ಕರೆಂಟಿನಲ್ಲಿದ್ದರೆ ಬೆಲೆ ಕುಗ್ಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಇನ್ನು ನಿಜವಾದ ತಲೆನೋವು. ಮೊದಲು ವೇರಿಯಾಕ್‌ನಿಂದ ಮನೆಯ ಸಪ್ಲೈಯನ್ನೇ ಕೊಟ್ಟು ಓಪನ್ ಸರ್ಕ್ಯೂಟ್ ಮಾಡಿದಾಗ ಲೆಕ್ಕದ ಪ್ರಕಾರ 127ಕ್ಕೆ 130 ಬರಬೇಕಿತ್ತು. ಒಮ್ಮೆ 131, ಸಂಜೆ ಹೊತ್ತಿಗೆ 131.5. ಲೋಡ್ ಹಾಕಿದರೆ ಎಲ್ಲ ಸರಿ, ತೆಗೆದರೆ ಮತ್ತೆ ಹೆಚ್ಚು. ಚೋಕ್ ಮೇಲೆ ಗುಮಾನಿ ಬಂದದ್ದು ಸಹಜ, ಆದರೆ ದೋಷ ಅದರದ್ದಲ್ಲ. ರಿಸೀವಿಂಗ್ ತುದಿಯ 0.907 ಮೈಕ್ರೋಫ್ಯಾರಡ್ ಜೊತೆ ಲೈನಿನ ಇಂಡಕ್ಟೆನ್ಸ್ 331 ಹರ್ಟ್ಜ್‌ನಲ್ಲಿ ಅನುರಣನಕ್ಕೆ ಬರುತ್ತದೆ. ಸಪ್ಲೈಯಲ್ಲಿ ಇರುವ ಏಳನೇ ಹಾರ್ಮೋನಿಕ್ 350 ಹರ್ಟ್ಜ್. ಪಕ್ಕದಲ್ಲೇ ಇರುವುದರಿಂದ ಅದು ಲೆಕ್ಕದಲ್ಲಿ ಎಂಟು ಪಟ್ಟು ಹಿಗ್ಗುತ್ತದೆ. ಸಪ್ಲೈಯಲ್ಲಿ ಎರಡು ಪರ್ಸೆಂಟ್ ಇದ್ದರೆ ತುದಿಯಲ್ಲಿ ಹದಿನೈದರ ಹತ್ತಿರ, ಆಗ ಟ್ರೂ ಆರ್‌ಎಂಎಸ್ ಮೀಟರ್ ಒಂದೂವರೆ ವೋಲ್ಟ್ ಹೆಚ್ಚು ತೋರಿಸುತ್ತದೆ. ಅಳೆಯಬೇಕಾದ ಏರಿಕೆಯೇ ಮೂರು ವೋಲ್ಟ್. ನಾನೂರು ಓಮ್ ಸುಮಾರಿನ ಲೋಡ್ ಹಾಕಿದ ಕೂಡಲೇ ಅನುರಣನ ಸತ್ತುಹೋಗುತ್ತದೆ, ಅದಕ್ಕೇ ಆಗ ಎಲ್ಲ ಸರಿ ಕಾಣುವುದು. ಲೋಡ್ ಇಲ್ಲದಾಗ ಮಾತ್ರ ಲೆಕ್ಕ ತಪ್ಪಿದರೆ ಮೊದಲು ಆಸಿಲೋಸ್ಕೋಪ್ ಹಚ್ಚಿ ಅಲೆಯ ಆಕಾರ ನೋಡಿ.

ಪೈಯನ್ನು ನೂರು ನೂರು ಕಿಲೋಮೀಟರಿನ ಎರಡು ತುಂಡು ಮಾಡಿದರೆ ಈ ಕಾಟ ತಪ್ಪಬಹುದೇ ಎಂದು ಅದನ್ನೂ ನೋಡಿದ್ದಾಯಿತು. ಅನುರಣನ 358ಕ್ಕೆ ಏರಿತು, ಅಂದರೆ 350ಕ್ಕೆ ಇನ್ನೂ ಹತ್ತಿರ! 50 ಹರ್ಟ್ಜ್‌ನಲ್ಲಿ ಮಾತ್ರ ಒಂದು ಪೈಗೂ ಎರಡಕ್ಕೂ A ಬೆಲೆಯಲ್ಲಿ, ಅಂದರೆ ಲೋಡ್ ಇಲ್ಲದಾಗ ಸೆಂಡಿಂಗ್ ವೋಲ್ಟೇಜಿಗೂ ರಿಸೀವಿಂಗ್ ವೋಲ್ಟೇಜಿಗೂ ಇರುವ ಅನುಪಾತದಲ್ಲಿ, ನಾಲ್ಕನೇ ದಶಮಾಂಶದ ತನಕ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಷ್ಟು ಉದ್ದಕ್ಕೆ ಒಂದೇ ಪೈ ಸಾಕು ಎಂಬುದಕ್ಕೆ ಅದೇ ಪುರಾವೆ, ಹಾಗಾಗಿ ದುಡ್ಡು ಪೂರ್ತಿ ದಂಡವಾಗಲಿಲ್ಲ.

ಪರಿಹಾರ ಸಿಕ್ಕಿದ್ದು ಶಾಮಿಯಾನದವರ ಹತ್ತಿರ. ಪೆಂಡಾಲಿಗೆ ಬಾಡಿಗೆಗೆ ಹೋಗುವ 100 ವಾಟ್ ಆಂಪ್ಲಿಫೈಯರ್, ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 50 ಹರ್ಟ್ಜ್, ಔಟ್‌ಪುಟ್‌ಗೆ 24 ವೋಲ್ಟ್ 5 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ತಿರುಗಿಸಿ ಹಾಕಿದ್ದು. 143 ವೋಲ್ಟ್ 0.3 ಆಂಪಿಯರಿಗೆ ಆಂಪ್ಲಿಫೈಯರ್ ಕಾಣುವುದು ಸುಮಾರು ಐದು ಓಮ್, ಅದಕ್ಕೆ ಆರಾಮ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಒಂದೂವರೆ ಓಮ್‌ಗಿಂತ ಕೆಳಗಿಳಿದು ಔಟ್‌ಪುಟ್ ಸುಟ್ಟೀತು. ಅಲೆ ಶುದ್ಧ, ವೋಲ್ಟೇಜ್ ಜಗ್ಗಾಟವಿಲ್ಲ, ಮೇಲಾಗಿ ಸಪ್ಲೈಯಿಂದ ಬೇರ್ಪಟ್ಟಿದೆ. ವೇರಿಯಾಕ್‌ನಲ್ಲಿ ಆ ಕೊನೆಯ ಅನುಕೂಲ ಇಲ್ಲ.

ಈಗ ಎಬಿಸಿಡಿ, ಅಂದರೆ ಸೆಂಡಿಂಗ್ ತುದಿಯ ವೋಲ್ಟೇಜ್, ಕರೆಂಟನ್ನು ರಿಸೀವಿಂಗ್ ತುದಿಯವಕ್ಕೆ ಜೋಡಿಸುವ ನಾಲ್ಕು ಬೆಲೆಗಳು. ಓಪನ್ ಸರ್ಕ್ಯೂಟ್‌ನಲ್ಲಿ ಸೆಂಡಿಂಗ್ ವೋಲ್ಟೇಜನ್ನು ರಿಸೀವಿಂಗ್ ವೋಲ್ಟೇಜಿನಿಂದ ಭಾಗಿಸಿದರೆ A. 127 ಭಾಗಿಸು 130, ಅಂದರೆ 0.977. ಆಗ ಸೆಂಡಿಂಗ್ ಕರೆಂಟ್ 73 ಮಿಲಿಆಂಪಿಯರ್ ಆಸುಪಾಸು, ಅದರಿಂದ C ಸುಮಾರು 563 ಮೈಕ್ರೋಸೀಮೆನ್ಸ್. ಶಾರ್ಟ್ ಸರ್ಕ್ಯೂಟ್‌ನಲ್ಲಿ ವೋಲ್ಟೇಜನ್ನು 24.5ಕ್ಕೆ ಇಳಿಸಿ 0.3 ಆಂಪಿಯರ್ ಹರಿಸಿದರೆ B 81.6 ಓಮ್. A ಕೋನ ಕಾಲು ಡಿಗ್ರಿಯಷ್ಟೇ, ಅದನ್ನು ಅಳೆಯಲು ಹೋಗಬೇಡಿ. ಎರಡು ತುದಿಗೂ ಒಂದೇ ಡಿಜಿಟಲ್ ಮೀಟರ್ ಬಳಸಿ, ಹಾಗೆ ಮಾಡಿದರೆ ಅದರ ತಪ್ಪು ಎರಡೂ ಕಡೆ ಒಂದೇ ಆಗಿ ಭಾಗಾಕಾರದಲ್ಲಿ ಹೊರಟುಹೋಗುತ್ತದೆ. ಲ್ಯಾಬಿನ ಮೂವಿಂಗ್ ಐರನ್ ವೋಲ್ಟ್‌ಮೀಟರ್ ತಾನೇ ಇಪ್ಪತ್ತೈದು ಮಿಲಿಆಂಪಿಯರ್ ಎಳೆಯುವಂಥದ್ದಾದರೆ ಮೂರು ವೋಲ್ಟಿನ ಏರಿಕೆಯಲ್ಲಿ 0.4 ವೋಲ್ಟ್ ಅದೇ ತಿಂದುಹಾಕುತ್ತದೆ.

ರೆಗ್ಯುಲೇಶನ್, ಅಂದರೆ ಲೋಡ್ ತೆಗೆದಾಗ ತುದಿಯ ವೋಲ್ಟೇಜ್ ಎಷ್ಟು ಪರ್ಸೆಂಟ್ ಏರುತ್ತದೆ ಎಂಬ ವಿಚಾರದಲ್ಲೇ ಹೆಚ್ಚು ಜನ ಎಡವುವುದು. ಶಾರ್ಟ್ ಲೈನಿನ ಅಭ್ಯಾಸದಲ್ಲಿ ಸೆಂಡಿಂಗ್ ವೋಲ್ಟೇಜಿನಿಂದ ರಿಸೀವಿಂಗ್ ಕಳೆದುಬಿಡುತ್ತಾರೆ. ಮೀಡಿಯಂ ಲೈನಿನಲ್ಲಿ ಲೋಡ್ ತೆಗೆದಾಗ ತುದಿಗೆ ಬರುವುದು ಸೆಂಡಿಂಗ್ ವೋಲ್ಟೇಜ್ ಅಲ್ಲ, ಅದನ್ನು A ಬೆಲೆಯಿಂದ ಭಾಗಿಸಿದ್ದು. ಲೋಡಿಗೆ ಎರಡು ಚೋಕ್ ಸರಣಿಯಲ್ಲಿಟ್ಟು, ಅದಕ್ಕೆ ಸಮಾಂತರವಾಗಿ ಸುಮಾರು 635 ಓಮ್‌ಗೆ ಹೊಂದಿಸಿದ ರಿಯೊಸ್ಟಾಟ್ ಹಾಕಿದರೆ 127 ವೋಲ್ಟಿನಲ್ಲಿ 0.27 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಲ್ಯಾಗ್.

```python
Z, Y = 16+80j, 570e-6j
A, B = 1 + Y*Z/2, Z
Vr, I = 127, 0.22-0.16j
Vs = A*Vr + B*I
V0 = abs(Vs/A)
print(abs(Vs), V0, (V0-Vr)/Vr*100)
```

ಸೆಂಡಿಂಗ್ 141.3, ಲೋಡ್ ಇಲ್ಲದಾಗ 144.6, ರೆಗ್ಯುಲೇಶನ್ 13.8 ಪರ್ಸೆಂಟ್. ತಪ್ಪು ದಾರಿಯಲ್ಲಿ ಹೋದರೆ 11.3. ಮೇಜಿನ ಮೇಲೆ 141ರ ಹತ್ತಿರ ಇಟ್ಟು ಲೋಡ್ ಕಿತ್ತಾಗ 144 ಚಿಲ್ಲರೆ ಬಂತು. ಇಲ್ಲಿ ಒಂದು ಎಚ್ಚರ ಬೇಕು: ಲೋಡ್ ತೆಗೆದ ಕೂಡಲೇ ಟ್ರಾನ್ಸ್‌ಫಾರ್ಮರಿನ ಡ್ರಾಪ್ ಹೋಗಿ ಸೆಂಡಿಂಗ್ ವೋಲ್ಟೇಜೂ ಏರಿಬಿಡುತ್ತದೆ. ವಾಲ್ಯೂಮ್ ತಗ್ಗಿಸಿ ಅದನ್ನು ಮೊದಲಿನ ಜಾಗಕ್ಕೆ ತಂದ ಮೇಲೆಯೇ ತುದಿಯ ವೋಲ್ಟೇಜ್ ಓದಬೇಕು.

ಅನುಮಾನದವರ ಬಾಯಿ ಮುಚ್ಚಿಸಿದ್ದು ಹಗುರ ಲೋಡು. ಬರೀ ರೆಸಿಸ್ಟೆನ್ಸ್, 0.1 ಆಂಪಿಯರ್. ತುದಿಯಲ್ಲಿ 127 ಇರಿಸಲು ಸೆಂಡಿಂಗ್‌ನಲ್ಲಿ 126 ಸಾಕು. ತಪ್ಪು ಸೂತ್ರದ ಪ್ರಕಾರ ರೆಗ್ಯುಲೇಶನ್ ಮೈನಸ್ 0.8 ಪರ್ಸೆಂಟ್, ಅಂದರೆ ಲೋಡ್ ತೆಗೆದರೆ ವೋಲ್ಟೇಜ್ ಇಳಿಯಬೇಕು. ಸೆಂಡಿಂಗ್ 126ರಲ್ಲೇ ಹಿಡಿದು ಲೋಡ್ ತೆಗೆದರೆ ಮೀಟರ್ 129ರ ಹತ್ತಿರಕ್ಕೆ ಏರುತ್ತದೆ, ರೆಗ್ಯುಲೇಶನ್ ಪ್ಲಸ್ 1.5. "ಗುಜರಿ ಚೋಕಾ?" ಎಂದವರೇ ಈಗ ಇನ್ನೊಂದು ಸೆಟ್ ಮಾಡಿಕೊಡಿ ಎನ್ನುತ್ತಿದ್ದಾರೆ. ಮಾಡುವವರು ಪ್ರತಿ ಕೆಪಾಸಿಟರಿಗೆ ಅಡ್ಡವಾಗಿ 470 ಕಿಲೋಓಮ್ ರೆಸಿಸ್ಟರ್ ಹಾಕುವುದನ್ನು ಮರೆಯಬೇಡಿ. ಅದು ಎಳೆಯುವ ಕಾಲು ಮಿಲಿಆಂಪಿಯರ್ ಅಳತೆಗೆ ಲೆಕ್ಕಕ್ಕಿಲ್ಲ, ಆದರೆ ಲೀಡ್ ಬಿಚ್ಚುವವರ ಬೆರಳಿಗೆ ಉಳಿದ ಚಾರ್ಜಿನ ಹೊಡೆತ ತಪ್ಪುತ್ತದೆ.