ಮುಂಗಡದ ಬ್ಯಾಂಕ್ ಗ್ಯಾರಂಟಿ: ಸಹಿ ಹಾಕುವ ಮುನ್ನ ಸರಿಪಡಿಸಬೇಕಾದ ಷರತ್ತುಗಳು

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ 50 ಲಕ್ಷ ರೂಪಾಯಿ ಮೌಲ್ಯದ ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳಿ. ಖರೀದಿದಾರ ಕಂಪನಿ ಶೇ 20ರಷ್ಟು ಮುಂಗಡ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಮಾಲು ಒಪ್ಪಂದದಂತೆ ಇರುತ್ತದೆ ಎಂಬುದಕ್ಕೆ ಶೇ 10ರ ಇನ್ನೊಂದು ಗ್ಯಾರಂಟಿಯನ್ನೂ ಕೊಡಬೇಕು.

ಮೊದಲು ಕೈಗೆ ನಿಜವಾಗಿ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ. ಬ್ಯಾಂಕು ಶೇ 25ರ ಮಾರ್ಜಿನ್ ಕೇಳಿದರೆ 10 ಲಕ್ಷದ ಗ್ಯಾರಂಟಿಗೆ 2.5 ಲಕ್ಷ, 5 ಲಕ್ಷದ ಗ್ಯಾರಂಟಿಗೆ 1.25 ಲಕ್ಷ ನಿಶ್ಚಿತ ಠೇವಣಿಯಲ್ಲಿ ಸಿಕ್ಕಿಬೀಳುತ್ತದೆ. ಕಮಿಷನ್ ವರ್ಷಕ್ಕೆ ಶೇ 2 ಎಂದಿಟ್ಟುಕೊಂಡರೆ, ಒಂದು ವರ್ಷದ ಮುಂಗಡ ಗ್ಯಾರಂಟಿಗೂ ಎರಡು ವರ್ಷದ ಇನ್ನೊಂದು ಗ್ಯಾರಂಟಿಗೂ ಜಿಎಸ್‌ಟಿ ಸೇರಿ 47,200 ರೂಪಾಯಿ ಆಗುತ್ತದೆ. ಹತ್ತು ಲಕ್ಷದಲ್ಲಿ ತಗಡು ಕೊಳ್ಳಲು ಉಳಿಯುವುದು 5,77,800 ರೂಪಾಯಿ. ಮಾರ್ಜಿನ್ ಮತ್ತು ಕಮಿಷನ್ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತವೆ. ಆದ್ದರಿಂದ ದರಪಟ್ಟಿ ಕಳುಹಿಸುವ ಮೊದಲೇ ನಿಮ್ಮ ಶಾಖೆಯಲ್ಲಿ ಕೇಳಿ ಆ ಖರ್ಚನ್ನು ಬೆಲೆಯಲ್ಲಿ ಸೇರಿಸಿ. ಆರ್ಡರ್ ಕೈಗೆ ಬಂದ ಮೇಲೆ ಸೇರಿಸಲು ಅವಕಾಶವಿರುವುದಿಲ್ಲ.

ಮುಂದೆ ಗ್ಯಾರಂಟಿಯ ಕರಡನ್ನು ತರಿಸಿಕೊಂಡು ಓದಿ. ಅನೇಕರು ಒಪ್ಪಂದವನ್ನು ಮಾತ್ರ ಓದಿ, ಕರಡನ್ನು ಬ್ಯಾಂಕಿಗೆ ಹಾಗೆಯೇ ಒಪ್ಪಿಸುತ್ತಾರೆ. ಆದರೆ ಬ್ಯಾಂಕನ್ನು ಕಟ್ಟಿಹಾಕುವುದು ಗ್ಯಾರಂಟಿಯ ಮಾತು. ಖರೀದಿದಾರ ಲಿಖಿತವಾಗಿ ಕೇಳಿದ ಕೂಡಲೇ, ಯಾವ ತಕರಾರೂ ಇಲ್ಲದೆ ಹಣ ಕೊಡುತ್ತೇವೆ ಎಂದು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ತಪ್ಪು ಯಾರದು ಎಂದು ಬ್ಯಾಂಕು ವಿಚಾರಿಸುವುದಿಲ್ಲ. ಭಾರಿ ವಂಚನೆ ಅಥವಾ ಸರಿಪಡಿಸಲಾಗದ ಅನ್ಯಾಯ ಕಂಡುಬಂದರೆ ಮಾತ್ರ ನ್ಯಾಯಾಲಯ ತಡೆ ಕೊಡುತ್ತದೆ ಎಂಬುದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿರುವ ನಿಯಮ. ಮಾಲು ಸರಿಯಾಗಿತ್ತು ಎಂಬ ವಾದ ಅದಕ್ಕೆ ಸಾಲುವುದಿಲ್ಲ.

ಆದ್ದರಿಂದ ಕರಡಿನಲ್ಲಿ ಎರಡು ವಾಕ್ಯಗಳಿಗಾಗಿ ಪಟ್ಟು ಹಿಡಿಯಬೇಕು. ಒಂದು, ಮುಂಗಡದ ಹಣ ನಮೂದಿಸಿದ ಖಾತೆಗೆ ಜಮೆಯಾದ ಮೇಲೆಯೇ ಗ್ಯಾರಂಟಿ ಜಾರಿಗೆ ಬರುತ್ತದೆ ಎಂಬುದು. ಇದಿಲ್ಲದಿದ್ದರೆ ನಿಮಗೆ ಬಾರದ ಹಣಕ್ಕೂ ನಿಮ್ಮ ಬ್ಯಾಂಕು ಹೊಣೆಯಾಗಬಹುದು.

ಇನ್ನೊಂದು ವಾಕ್ಯವೇ ಸಣ್ಣ ತಯಾರಕನಿಗೆ ಎಲ್ಲಕ್ಕಿಂತ ಮುಖ್ಯ ಎಂದು ನನಗನಿಸುತ್ತದೆ. ಖರೀದಿದಾರ ಪ್ರತಿ ಬಿಲ್ಲಿನಿಂದ ಶೇ 20 ಹಿಡಿದುಕೊಂಡು ಮುಂಗಡವನ್ನು ವಸೂಲು ಮಾಡುತ್ತಾನೆ. ನೀವು 30 ಲಕ್ಷದ ಮಾಲು ಕಳುಹಿಸುವ ಹೊತ್ತಿಗೆ 6 ಲಕ್ಷ ವಸೂಲಾಗಿ 4 ಲಕ್ಷ ಮಾತ್ರ ಬಾಕಿ ಇರುತ್ತದೆ. ಗ್ಯಾರಂಟಿ ಮಾತ್ರ 10 ಲಕ್ಷದಲ್ಲೇ ನಿಂತಿರುತ್ತದೆ. ಆಗ ಜಗಳವಾಗಿ ಆತ ಪೂರ್ತಿ ಮೊತ್ತ ಕೇಳಿದರೆ ಬ್ಯಾಂಕು ಕೊಟ್ಟುಬಿಡುತ್ತದೆ. ಹೆಚ್ಚುವರಿ 6 ಲಕ್ಷಕ್ಕಾಗಿ ನೀವು ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕು. ಇತ್ತ ಮಾರ್ಜಿನ್ ಕಳೆದು ಉಳಿದ 7.5 ಲಕ್ಷ ನಿಮ್ಮ ಹೆಸರಿನಲ್ಲಿ ಸಾಲವಾಗುತ್ತದೆ. 90 ದಿನ ದಾಟಿಯೂ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ.

ಇದನ್ನು ತಡೆಯಲು, ಮುಂಗಡ ವಸೂಲಾದಷ್ಟೇ ಗ್ಯಾರಂಟಿಯ ಮೊತ್ತವೂ ತಾನಾಗಿಯೇ ಇಳಿಯುತ್ತದೆ ಎಂದು ಬರೆಸಿ. ಇಳಿಕೆಗೆ ಯಾವ ದಾಖಲೆ ಸಾಕು ಎಂಬುದನ್ನೂ ಅಲ್ಲೇ ಹೆಸರಿಸಿ: ಬಿಲ್ಲಿನ ಪ್ರತಿ ಮತ್ತು ಮಾಲು ಸ್ವೀಕರಿಸಿದ ರಸೀದಿ ಸಾಕು ಎಂದಿರಲಿ. ಖರೀದಿದಾರನ ಒಪ್ಪಿಗೆ ಪತ್ರ ಬೇಕು ಎಂದಿದ್ದರೆ ಆ ಪತ್ರಕ್ಕಾಗಿಯೇ ತಿಂಗಳುಗಟ್ಟಲೆ ಅಲೆಯಬೇಕಾದೀತು. ಇಷ್ಟಕ್ಕೂ ಆತ ಒಪ್ಪದಿದ್ದರೆ ಒಂದೇ ಗ್ಯಾರಂಟಿಯ ಬದಲು ತಲಾ 2.5 ಲಕ್ಷದ ನಾಲ್ಕು ಗ್ಯಾರಂಟಿ ಕೊಡುವುದಾಗಿ ಹೇಳಿ. ಕಾಲು ಭಾಗದ ಮಾಲು ತಲುಪಿದ ಹಾಗೆ ಒಂದೊಂದನ್ನೇ ಹಿಂದಕ್ಕೆ ಪಡೆಯಬಹುದು.

ಅವಧಿಯ ವಿಷಯದಲ್ಲಿ ಕೊನೆಯ ದಿನಾಂಕ ಅಂಕಿಗಳಲ್ಲೇ ಇರಲಿ. ‘ಎಲ್ಲ ಬಾಧ್ಯತೆಗಳು ತೀರುವವರೆಗೆ’ ಎಂಬ ಮಾತನ್ನು ಒಪ್ಪಬೇಡಿ. ದಿನಾಂಕ ಹತ್ತಿರವಾದಾಗ ಅವಧಿ ವಿಸ್ತರಿಸಿ, ಇಲ್ಲವೇ ಹಣ ಕೊಡಿ ಎಂಬ ಪತ್ರ ಬ್ಯಾಂಕಿಗೆ ಬರುವುದುಂಟು. ಪೂರೈಕೆ ತಡವಾಗುವ ಸೂಚನೆ ಕಂಡರೆ ಎರಡು ತಿಂಗಳು ಮೊದಲೇ ಬಾಕಿ ಮುಂಗಡದಷ್ಟಕ್ಕೆ ಮಾತ್ರ ವಿಸ್ತರಣೆ ಕೊಡುವುದಾಗಿ ನೀವೇ ಬರೆಯಿರಿ.

ಮುಂಗಡ ಪೂರ್ತಿ ತೀರಿದ ವಾರವೇ ಮೂಲ ಗ್ಯಾರಂಟಿ ಪತ್ರವನ್ನು ಹಿಂದಕ್ಕೆ ಪಡೆದು ಬ್ಯಾಂಕಿಗೆ ಕೊಟ್ಟು ರದ್ದು ಮಾಡಿಸಿ. ಇಲ್ಲವಾದರೆ ಹಕ್ಕು ಮಂಡಿಸುವ ಅವಧಿ ಮುಗಿಯುವವರೆಗೂ ಬ್ಯಾಂಕು ಠೇವಣಿಯನ್ನು ಬಿಡುವುದಿಲ್ಲ.