ಟ್ಯಾಂಕರ್ ಲೆಕ್ಕದ ಕ್ಯಾಲೆಂಡರ್: ಒಂದೇ ಫಾರ್ಮುಲಾದಲ್ಲಿ ಇಡೀ ತಿಂಗಳು

ನಮ್ಮ ಅಪಾರ್ಟ್‌ಮೆಂಟ್‌ನ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಬಂತು ಅಂತ ವಾಚ್‌ಮ್ಯಾನ್ ಗೀಟು ಹಾಕಲು ಪ್ರತಿ ತಿಂಗಳು ಒಂದು ಹಾಳೆ ಪ್ರಿಂಟ್ ಮಾಡಿ ಸೆಕ್ಯುರಿಟಿ ರೂಮಿನ ಗೋಡೆಗೆ ಅಂಟಿಸುತ್ತೇನೆ. ಮೊದಲೆಲ್ಲ ಎಕ್ಸೆಲ್‌ನ ಹಳೇ ಹಾಳೆಯಲ್ಲೇ ತಾರೀಖುಗಳನ್ನು ಅಳಿಸಿ ಹೊಸದಾಗಿ ಎಳೆಯುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಅದು ಕೈಕೊಟ್ಟಿತು. ಹಾಳೆಯಲ್ಲಿದ್ದದ್ದು ಐದೇ ಸಾಲು. ಆ ಆಗಸ್ಟ್ ಶುರುವಾದದ್ದು ಶುಕ್ರವಾರ, ಹಾಗಾಗಿ 31ನೇ ತಾರೀಖು ಭಾನುವಾರ ಆರನೇ ಸಾಲಿಗೆ ಬೀಳಬೇಕಿತ್ತು. ಅದಕ್ಕೆ ಜಾಗವೇ ಇರಲಿಲ್ಲ. ಅವತ್ತು ಬಂದ ಎರಡು ಲೋಡನ್ನು ವಾಚ್‌ಮ್ಯಾನ್ 30ರ ಮನೆಯಲ್ಲೇ ಬರೆದಿದ್ದ. ಬಿಲ್ ತಾಳೆ ನೋಡುವಾಗ ಅರ್ಧ ಗಂಟೆ ತಲೆ ಕೆರೆದುಕೊಂಡೆ.

ಆಮೇಲೆ ಕೂತು, ಸಂಖ್ಯೆಗಳನ್ನು ಸಾಲಾಗಿ ತಾನೇ ತುಂಬುವ `SEQUENCE` ಹಾಕಿ ಮಾಡಿದೆ. ವರ್ಷ `A1`ರಲ್ಲಿ, ತಿಂಗಳ ಸಂಖ್ಯೆ `B1`ರಲ್ಲಿ. `C1`ರಲ್ಲಿ `=DATE(A1,B1,1)`. ನೇರವಾಗಿ 1/8/2025 ಅಂತ ಟೈಪ್ ಮಾಡಿದರೆ ಸಾಲದಾ ಅನಿಸಬಹುದು. ಆದರೆ ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಜನವರಿ 8 ಅಂತ ಓದುತ್ತದೆ. ಬೇರೆ ಬೇರೆ ಹಾಕಿದರೆ ಆ ತಾಪತ್ರಯ ಇಲ್ಲ. ಮೂರನೇ ಸಾಲಿನಲ್ಲಿ ಭಾನು, ಸೋಮ ಅಂತ ವಾರದ ಹೆಸರು. `A4`ರಲ್ಲಿ ಇಷ್ಟೇ:

```
=SEQUENCE(6,7,C1-WEEKDAY(C1)+1)
```

ಆರು ಸಾಲು, ಏಳು ಕಾಲಂ, ಮೂರನೆಯದು ಎಲ್ಲಿಂದ ಶುರು ಅನ್ನೋದು. ಎಕ್ಸೆಲ್‌ಗೆ ತಾರೀಖು ಅಂದರೆ ಬರೀ ಒಂದು ಸಂಖ್ಯೆ. ಅದರ ಲೆಕ್ಕದಲ್ಲಿ 2025ರ ಆಗಸ್ಟ್ 1 ಅಂದರೆ 45870. `WEEKDAY` ಭಾನುವಾರಕ್ಕೆ 1 ಕೊಡುತ್ತದೆ, ಶುಕ್ರವಾರಕ್ಕೆ 6. ಆರು ಕಳೆದು ಒಂದು ಕೂಡಿಸಿದರೆ 45865, ಅಂದರೆ ಜುಲೈ 27, ಭಾನುವಾರ. ಅಲ್ಲಿಂದ ಒಂದೊಂದೇ ಹೆಚ್ಚುತ್ತಾ 42 ಮನೆ ತುಂಬುತ್ತದೆ. ಮೊದಲ ಸಲ ಎಂಟರ್ ಒತ್ತಿದಾಗ ನನಗೂ ಬರೀ 45865, 45866 ಅಂತ ಬಂದು ಗಾಬರಿಯಾಯಿತು. ತಪ್ಪೇನೂ ಆಗಿರಲಿಲ್ಲ. 42 ಮನೆಯನ್ನೂ ಆರಿಸಿ, `Ctrl+1` ಒತ್ತಿ, `Custom`ನಲ್ಲಿ `d` ಅಂತ ಕೊಟ್ಟರೆ ತಾರೀಖಿನ ಅಂಕಿ ಮಾತ್ರ ಕಾಣುತ್ತದೆ.

ಆರು ಸಾಲು ಯಾವಾಗಲೂ ಬೇಕಾಗಲ್ಲ. 31 ದಿನದ ತಿಂಗಳು ಶುಕ್ರವಾರ ಅಥವಾ ಶನಿವಾರ ಶುರುವಾದರೆ, ಇಲ್ಲವೇ 30 ದಿನದ್ದು ಶನಿವಾರ ಶುರುವಾದರೆ ಮಾತ್ರ ಬೇಕು. ಆದರೂ ಆರೇ ಇಟ್ಟೆ, ಖಾಲಿ ಸಾಲಿನಿಂದ ಯಾರಿಗೂ ತೊಂದರೆ ಇಲ್ಲ ಅಲ್ವಾ? ಜುಲೈ, ಸೆಪ್ಟೆಂಬರ್ ದಿನಗಳು ಕಾಣಬಾರದು ಅಂತ `A4:G9` ಆರಿಸಿ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಈ ಫಾರ್ಮುಲಾ ಹಾಕಿ ಅಕ್ಷರ ಬಿಳಿ ಮಾಡಿದೆ:

```
=MONTH(A4)<>$B$1
```

ನಡುವೆ ಒಮ್ಮೆ ಕ್ಯಾಲೆಂಡರ್ ಮಾಯವಾಗಿ `A4`ರಲ್ಲಿ `#SPILL!` ಅಂತ ಬಂತು. ಕಾರಣ, `E7`ರಲ್ಲಿ ನಾನೇ "ಪಂಪ್ ರಿಪೇರಿ" ಅಂತ ಬರೆದಿದ್ದೆ. ಫಾರ್ಮುಲಾ ಹರಡುವ ಜಾಗದಲ್ಲಿ ಏನೇ ಇದ್ದರೂ ಅದು ಹರಡಲ್ಲ. ಮರ್ಜ್ ಮಾಡಿದ ಮನೆ ಇದ್ದರೂ ಅಷ್ಟೇ. ದೋಷ ಬಂದ ಮನೆಯ ಮೇಲೆ ನಿಂತರೆ ಎಷ್ಟು ಜಾಗ ಬೇಕು ಅಂತ ಚುಕ್ಕಿ ಗೆರೆ ಕಾಣುತ್ತದೆ, ಅದರೊಳಗೆ ಹುಡುಕಿದರೆ ಸಾಕು. ಗೂಗಲ್ ಶೀಟ್ಸ್‌ನಲ್ಲಿ ಇದೇ ತೊಂದರೆಗೆ `#REF!` ಅಂತ ಬರುತ್ತದೆ. ಅಂದಹಾಗೆ ಎಕ್ಸೆಲ್ 2019 ಅಥವಾ ಅದಕ್ಕಿಂತ ಹಳೆಯದರಲ್ಲಿ `SEQUENCE` ಇಲ್ಲವೇ ಇಲ್ಲ. 2021 ಅಥವಾ ಅದಕ್ಕಿಂತ ಹೊಸದು, ಇಲ್ಲವೇ 365 ಬೇಕು.

ಇಷ್ಟಾದ ಮೇಲೆ ಆಸೆ ಜಾಸ್ತಿಯಾಯಿತು. ಲೋಡಿನ ಲೆಕ್ಕ ಟೈಪ್ ಮಾಡೋಕೆ ಇನ್ನೊಂದು ಶೀಟ್ ಮಾಡಿ, ಅದರಲ್ಲೂ `A1`ರಿಂದ `C1`ವರೆಗೆ ಹಾಗೇ ಇಟ್ಟು, `A4`ರಿಂದ ಉದ್ದಕ್ಕೆ ತಾರೀಖಿನ ಪಟ್ಟಿ ಇಳಿಸಿದೆ:

```
=SEQUENCE(DAY(EOMONTH(C1,0)),1,C1)
```

`EOMONTH` ತಿಂಗಳ ಕೊನೇ ದಿನ ಕೊಡುತ್ತದೆ, `DAY` ಅದನ್ನು 28, 29, 30 ಅಥವಾ 31 ಮಾಡುತ್ತದೆ. ಪಟ್ಟಿ ತಾನಾಗೇ ಅಷ್ಟುದ್ದ ಆಗುತ್ತದೆ. ಪಕ್ಕದ `B` ಕಾಲಂನಲ್ಲಿ ಆಗಸ್ಟ್‌ನ ಲೋಡುಗಳನ್ನು ಟೈಪ್ ಮಾಡಿದೆ. ತಿಂಗಳು ಬದಲಾಯಿತು, `B1`ರಲ್ಲಿ 9 ಹಾಕಿದೆ. ತಾರೀಖುಗಳೆಲ್ಲ ಸೆಪ್ಟೆಂಬರ್ ಆದವು, ಲೋಡುಗಳು ಮಾತ್ರ ಇದ್ದಲ್ಲೇ ಇದ್ದವು! ಆಗಸ್ಟ್ 5ರ ಲೋಡು ಈಗ ಸೆಪ್ಟೆಂಬರ್ 5ರ ಮುಂದೆ. ಯಾವ ದೋಷವೂ ತೋರಿಸಲಿಲ್ಲ. ಕೆಳಗೆ 34ನೇ ಸಾಲಿನಲ್ಲಿ ತಾರೀಖೇ ಇಲ್ಲದೆ ಒಂದು 2 ಒಂಟಿಯಾಗಿ ನಿಂತಿತ್ತು, 31ರ ಅದೇ ಎರಡು ಲೋಡು. ಅದನ್ನು ನೋಡಿ ಗೊತ್ತಾಯಿತು.

ಟೈಪ್ ಮಾಡಿದ್ದು ತನ್ನ ಮನೆ ಬಿಟ್ಟು ಕದಲಲ್ಲ, ಹರಡಿದ್ದು ಮಾತ್ರ ಬದಲಾಗುತ್ತದೆ. ಟೇಬಲ್ ಮಾಡಿಬಿಡೋಣ ಅಂತ ನೋಡಿದೆ, ಟೇಬಲ್ ಒಳಗೆ ಈ ಫಾರ್ಮುಲಾ ಹರಡೋದೇ ಇಲ್ಲ, ಮತ್ತೆ `#SPILL!`. ಈಗ ತಿಂಗಳ ಮೊದಲ ದಿನವೇ ಖಾಲಿ ಶೀಟಿನ ನಕಲು ತೆಗೆದು, ತಿಂಗಳು ಹಾಕಿ, ತಾರೀಖಿನ ಪಟ್ಟಿ ಪೂರ್ತಿ ಆರಿಸಿ ಕಾಪಿ ಮಾಡಿ ಅಲ್ಲೇ `Paste Values` ಮಾಡುತ್ತೇನೆ. ಫಾರ್ಮುಲಾ ಹೋಗಿ ತಾರೀಖು ಗಟ್ಟಿಯಾಗಿ ಕೂರುತ್ತದೆ, ಆಮೇಲೇ ಲೋಡು ಬರೆಯೋದು. ಗೋಡೆಯ ಹಾಳೆಗೆ ಇದೆಲ್ಲ ಬೇಡ, ಅದರಲ್ಲಿ ಬರೆಯೋದು ಪೆನ್ನಿನಲ್ಲಿ.