ಮಬ್ಬು ಬೆಳಕಿನ ಫೋನ್ ಫೋಟೋದಲ್ಲಿ ಸೀರೆ ಬಣ್ಣ ಬದಲಿಸಿದ್ದು: ನನ್ನ ಅನುಭವ

"ಫೋನ್ ಫೋಟೋದಾಗ ಬಣ್ಣ ಬದ್ಲ ಮಾಡಿದ್ರ ಸೀರಿ ಪ್ಲಾಸ್ಟಿಕ್ ಆಗ್ತದ, ಬಿಡ್ರಿ ಅದನ್ನ." ಹುಬ್ಬಳ್ಳಿಯಲ್ಲಿ ನನ್ನ ಜೊತೆ ಎಡಿಟಿಂಗ್ ಮಾಡುವವರೇ ಹೀಗೆ ಹೇಳುತ್ತಿದ್ದರು. ಈಗ ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರಿಗೆ ಅದೇ ಕೆಲಸ ಮಾಡಿಕೊಡುತ್ತಿದ್ದೇನೆ. ಒಂದು ಸೀರೆಯ ಫೋಟೋದಿಂದ, ಅದೇ ನೇಯ್ಗೆಯಲ್ಲಿ ಅವರ ಹತ್ತಿರ ಇರುವ ಐದಾರು ಬಣ್ಣ ತೆಗೆಯಬೇಕು. ಮೊದಲು ಅವರು ಪ್ರತಿ ಬಣ್ಣಕ್ಕೂ ಸ್ಟುಡಿಯೋಗೆ ಸುಮಾರು ನಾನೂರು ರೂಪಾಯಿ ಕೊಡುತ್ತಿದ್ದರು. ನಾನು ನೂರರ ಆಸುಪಾಸು ತಗೊಳ್ತೇನೆ.

ಫೋಟೋ ತೆಗೆಯುವುದು ಮಗ್ಗದ ಮನೆಯಲ್ಲೇ. ಅಲ್ಲಿರುವುದು ಒಂದು ಎಲ್‌ಇಡಿ ಬಲ್ಬು, ಒಂದು ಸಣ್ಣ ಕಿಟಕಿ. ಮೊದಮೊದಲು ಬರುತ್ತಿದ್ದದ್ದು ಮಾಮೂಲಿ ಜೆಪೆಗ್. ಫೋನ್ ಮಬ್ಬು ಬೆಳಕಲ್ಲಿ ಕಾಳುಕಾಳು ನಾಯ್ಸ್ ಅಳಿಸುವಾಗ ನೂಲಿನ ಎಳೆಯನ್ನೂ ಅಳಿಸುತ್ತದೆ, ಆಮೇಲೆ ಅಂಚುಗಳನ್ನಷ್ಟೇ ಚೂಪು ಮಾಡುತ್ತದೆ. ಅಲ್ಲೇ ಪ್ಲಾಸ್ಟಿಕ್ ಆಗಿರುತ್ತದೆ, ಬಣ್ಣ ಬದಲಿಸಿದಾಗ ಕಣ್ಣಿಗೆ ಕಾಣುತ್ತದೆ ಅಷ್ಟೇ. ನಾಯ್ಸ್ ತೆಗೆಯುವ ಒಂದು ದುಡ್ಡಿನ ಪ್ಲಗಿನ್ ಕೂಡ ಹಾಕಿ ನೋಡಿದೆ. ಐದಾರು ಸಾವಿರ ಹೋಯಿತು, ಎಳೆ ವಾಪಸ್ ಬರಲಿಲ್ಲ.

ಕೆಲಸಕ್ಕೆ ಬಂದದ್ದು ಹಲವು ಫ್ರೇಮ್‌ಗಳ ಸರಾಸರಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಟೈಮರ್ ಇಟ್ಟು, ಜೆಪೆಗ್ ಬದಲು DNG ಅನ್ನೋ ಕಚ್ಚಾ ಫೈಲಿನಲ್ಲಿ ಒಂದೇ ಸೆಟ್ಟಿಂಗ್‌ನ ಎಂಟೊಂಬತ್ತು ಫ್ರೇಮ್. ನೂಲಿನ ಎಳೆ ಎಲ್ಲ ಫ್ರೇಮಿನಲ್ಲೂ ಅದೇ ಜಾಗದಲ್ಲಿರುತ್ತದೆ, ನಾಯ್ಸ್ ಪ್ರತಿ ಸಲ ಬೇರೆ ಕಡೆ ಬೀಳುತ್ತದೆ. ಒಂಬತ್ತು ಸೇರಿಸಿದರೆ ನಾಯ್ಸ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಎಳೆ ಹಾಗೇ ಉಳಿಯುತ್ತದೆ. ISO ಇನ್ನೂರರೊಳಗೆ. ಶಟರ್ 1/50 ಅಥವಾ 1/25, ಯಾಕೆಂದರೆ ನಮ್ಮ ಕರೆಂಟಿಗೆ ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಬೇರೆ ಶಟರ್‌ನಲ್ಲಿ ಪಟ್ಟೆ ಬೀಳಬಹುದು. ಫ್ಯಾನ್ ಬಂದ್ ಮಾಡಿಸಲೇಬೇಕು. ತೂಗುಹಾಕಿದ ಸೀರೆ ಸ್ವಲ್ಪ ಅಲುಗಾಡಿದರೂ ದಡಿಯ ಜರಿ ಎರಡೆರಡಾಗಿ ಕಾಣುತ್ತದೆ. ಕಿಟಕಿಯನ್ನೂ ಮುಚ್ಚಿಸುತ್ತೇನೆ. ಒಂದು ಕಡೆ ಬಲ್ಬು, ಒಂದು ಕಡೆ ಹಗಲು ಬೆಳಕು ಇದ್ದರೆ ಒಂದೇ ವೈಟ್ ಬ್ಯಾಲೆನ್ಸ್ ಎರಡಕ್ಕೂ ಹೊಂದುವುದಿಲ್ಲ.

ಒಂದು ಮರೂನ್ ಕಾಟನ್ ಸೀರೆಯ ಕೆಲಸ ಹೇಳುತ್ತೇನೆ. ಹಳದಿ ಬಲ್ಬಿನ ಕೆಳಗೆ ಕೆಂಪು ಬಟ್ಟೆ ಇದ್ದರೆ ರೆಡ್ ಚಾನೆಲ್ ಬೇಗ ಹಾರಿಹೋಗುತ್ತದೆ. ಒಟ್ಟು ಫೋಟೋ ಕತ್ತಲಾಗಿಯೇ ಕಾಣುತ್ತದೆ, ಆದರೆ ರೆಡ್ ಚಾನೆಲ್ ಒಂದನ್ನೇ ತೆರೆದರೆ ಸೆರಗು ಸಪಾಟು ಬಿಳಿ. ಅಲ್ಲಿ ಹೋದ ಎಳೆಯನ್ನು ಯಾರೂ ತರಲಾರರು. ಅದಕ್ಕೇ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಕಡಿಮೆ ಇಡಿಸಿದೆ. ಹೆಚ್ಚುವ ನಾಯ್ಸನ್ನು ಸರಾಸರಿ ನೋಡಿಕೊಳ್ಳುತ್ತದೆ.

ವೈಟ್ ಬ್ಯಾಲೆನ್ಸ್‌ಗೆ ಎ4 ಹಾಳೆ ಇಡುವವರಿದ್ದಾರೆ. ಹಾಳೆಯಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಇರುತ್ತದೆ. ಕಿಟಕಿ ಬೆಳಕಲ್ಲಿ ಅದು ನೀಲಿಗೆ ವಾಲುತ್ತದೆ, ಅದನ್ನು ನಂಬಿ ಸರಿ ಮಾಡಿದರೆ ಸೀರೆ ಹಳದಿಯಾಗುತ್ತದೆ. ನಾನು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ರಟ್ಟಿಗೆ ಹತ್ತಾರು ಸುತ್ತು ಸುತ್ತಿ ಇಡಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ. ಸ್ನೇಹಿತನ ಗ್ರೇ ಕಾರ್ಡ್ ಪಕ್ಕದಲ್ಲಿಟ್ಟು ನೋಡಿದೆ, ವ್ಯತ್ಯಾಸ ಕಾಣಲಿಲ್ಲ.

ಫೋಟೋಶಾಪ್‌ನ Camera Raw ನಲ್ಲಿ ಆ ಟೇಪಿನ ಮೇಲೆ ಕ್ಲಿಕ್ ಮಾಡಿ, ಅದೇ ಸೆಟ್ಟಿಂಗನ್ನು ಎಲ್ಲ ಫ್ರೇಮಿಗೂ ಹಾಕಿದೆ. ಕಲರ್ ನಾಯ್ಸ್ ರಿಡಕ್ಷನ್ ಇಪ್ಪತ್ತೈದು, ಲೂಮಿನನ್ಸ್ ಸೊನ್ನೆ, ಶಾರ್ಪನಿಂಗ್ ಸೊನ್ನೆ. 16 ಬಿಟ್ TIFF ಮಾಡಿ, Load Files into Stack ನಲ್ಲಿ ಅಲೈನ್ ಮಾಡಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, Stack Mode ನಲ್ಲಿ Mean ಕೊಟ್ಟೆ. ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿದರೆ ಹಾಸು, ಹೊಕ್ಕು ಎರಡೂ ಬೇರೆಬೇರೆ ಕಾಣುತ್ತಿದ್ದವು. ಟೀಕೆ ಮಾಡಿದವರಿಗೆ ಮೊದಲು ತೋರಿಸಿದ್ದು ಇದನ್ನೇ.

ಮರೂನಿನಿಂದ ಬಾಟಲ್ ಗ್ರೀನ್ ಸಲೀಸು. Color ಬ್ಲೆಂಡ್ ಮೋಡ್‌ನ ಲೇಯರ್ ಹಾಕಿದರೆ ಬಣ್ಣ ಮಾತ್ರ ಬದಲಾಗುತ್ತದೆ, ಬೆಳಕು-ನೆರಳು ಕೆಳಗಿನದ್ದೇ ಉಳಿಯುತ್ತದೆ. ಸಾಸಿವೆ ಹಳದಿ ಹಾಗಲ್ಲ. ಬಣ್ಣದ ಜೊತೆ ಹೊಳಪನ್ನೂ ಕರ್ವ್ಸ್‌ನಿಂದ ಎತ್ತಬೇಕು, ಎತ್ತಿದರೆ ಅಡಗಿದ್ದ ನಾಯ್ಸ್ ಎದ್ದು ಬರುತ್ತದೆ. ಒಂದೇ ಫ್ರೇಮಿನಲ್ಲಿ ಮಾಡಿದಾಗ ಮಡಿಕೆಗಳಲ್ಲಿ ಹಸಿರು, ನೇರಳೆ ಮಚ್ಚೆ ಬಿದ್ದಿದ್ದವು. ಸರಾಸರಿಯಲ್ಲಿ ಬೀಳಲಿಲ್ಲ. ಹಳದಿ ಸೀರೆಯ ನಿಜವಾದ ತುಂಡನ್ನು ಹಗಲು ಬೆಳಕಲ್ಲಿ ಹಿಡಿದು ಹೋಲಿಸಿಯೇ ಕಳಿಸಿದೆ. ಶಾರ್ಪನಿಂಗ್ ಕೊನೆಗೆ, ಸೈಜ್ ಇಳಿಸಿದ ಮೇಲೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಸುಮ್ನೆ.

ಜರಿಯನ್ನು ಹೇಗೆ ಮಾಸ್ಕ್ ಮಾಡುತ್ತೇನೆ ಅನ್ನೋದನ್ನು ಬರೆಯುವುದಿಲ್ಲ, ನನ್ನ ರೇಟು ನಿಂತಿರುವುದೇ ಅದರ ಮೇಲೆ.

ಆಗದೇ ಇರುವುದು ಡಬಲ್ ಶೇಡ್ ಸೀರೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಮಡಿಕೆ ತಿರುಗಿದಂತೆ ಬಣ್ಣವೂ ತಿರುಗುತ್ತದೆ, ಒಂದೇ ಹ್ಯೂ ಹಾಕಿದರೆ ಆ ಆಟವೇ ಸತ್ತುಹೋಗುತ್ತದೆ. ಅಂಥದ್ದು ಬಂದರೆ ವ್ಯಾಪಾರಿಗೆ ನೇರ ಹೇಳುತ್ತೇನೆ: "ಅಣ್ಣಾರ, ಇದಕ್ಕ ಪ್ರತಿ ಬಣ್ಣದ್ದೂ ಬ್ಯಾರೆ ಫೋಟೋ ತೆಗೆಸ್ರಿ."